ತೇವ ಎಷ್ಟ್ ಬಂತ್ರಿ?

ನಮ್ಮ ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಬೆಂಬಲ ಬೆಲೆಯ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅಲ್ಲಿ ಒಂದು ಸಣ್ಣ ಯಂತ್ರ ಇರುತ್ತದೆ. ಚೀಲದಿಂದ ಒಂದು ಹಿಡಿ ಕಾಳು ತೆಗೆದು ಅದರಲ್ಲಿ ಹಾಕಿದರೆ ತೇವಾಂಶ ಎಷ್ಟೆಂದು ತೋರಿಸುತ್ತದೆ. ಶೇ. 12 ದಾಟಿದರೆ ಮಾಲು ವಾಪಸ್. ಹಾಗೆ ವಾಪಸಾದ ದಿನ ನಮ್ಮ ಅಪ್ಪ ಕೇಳಿದ ಒಂದೇ ಪ್ರಶ್ನೆ ನನಗೆ ನೆನಪಿದೆ: "ತೇವ ಎಷ್ಟ್ ಬಂತ್ರಿ?" "ಹದಿನಾಲ್ಕು" ಅಂದರು. ಅಪ್ಪ ಚೀಲ ಹೇರಿಕೊಂಡು ಬಂದು, ಎರಡು ದಿನ ಕಣದಲ್ಲಿ ಹರವಿ ಒಣಗಿಸಿ, ಮತ್ತೆ ಒಯ್ದರು. ಯಂತ್ರದ ಜೊತೆ ಜಗಳ ಆಡಲಿಲ್ಲ. ಮುಂದಿನ ಗಾಡಿಯ ಗೌಡರ ತೊಗರಿಯ ತೇವ ಎಷ್ಟಿತ್ತು ಎಂದು ಕೇಳಲಿಲ್ಲ. ಕೇಂದ್ರದವರೂ "ಅದನ್ನೆಲ್ಲ ಹೇಳಕ್ಕ ಬರಂಗಿಲ್ಲ" ಅನ್ನಲಿಲ್ಲ.

ತೊಗರಿಗೆ ಸಿಗುವ ಈ ಎರಡಂಕಿಯ ಕಾರಣ ಸಂದರ್ಶನ ಮುಗಿಸಿ ಬಂದ ನಮ್ಮಂಥವರಿಗೆ ಸಿಗುವುದಿಲ್ಲ. ಎಂ.ಎ. ಮುಗಿಸಿ, ನೆಟ್ಟು ಪಾಸಾಗಿ, ಪಿಎಚ್.ಡಿ.ಗೆ ನೋಂದಾಯಿಸಿ, ಹತ್ತು ಕಡೆ ಅರ್ಜಿ ಹಾಕಿ, ಹತ್ತರಲ್ಲಿ ಒಂಬತ್ತು ಕಡೆಯಿಂದ ಮೌನವೇ ಉತ್ತರವಾಗಿ ಬಂದವರು ಈ ಪತ್ರಿಕೆಯ ಓದುಗರಲ್ಲೇ ಸಾಕಷ್ಟು ಮಂದಿ ಇದ್ದೀರಿ. ಈ ಮೌನದ ಬಗ್ಗೆ ನಮಗೆ ಸಿಗುವ ಉಪದೇಶಗಳು ಎರಡೇ. ಮನೆಯವರು ಮತ್ತು ಮೇಷ್ಟ್ರುಗಳು ಹೇಳುವುದು, "ಕೇಳಬ್ಯಾಡ, ಸುಮ್ನಿರು, ನಾಳೆ ಮತ್ತ ಅಲ್ಲೇ ಹೋಗೋದದ." ಗೆಳೆಯರು ಹೇಳುವುದು, "ಬಿಡಬ್ಯಾಡ, ನಿನ್ನ ಹಕ್ಕದ, ಜಾಡಿಸಿ ಕೇಳು." ಎರಡೂ ತಪ್ಪು ಎಂಬುದು ನನ್ನ ವಾದ. ಕೇಳಬೇಕು. ಆದರೆ ನಾವು ಕೇಳುವ ರೀತಿಯಲ್ಲಿ ಒಂದು ಮೂಲಭೂತ ದೋಷವಿದೆ. ಅದು ಇರುವುದು ನಮ್ಮ ದನಿಯಲ್ಲಿ ಎಂದುಕೊಂಡಿದ್ದೇವೆ, ಅದಕ್ಕೇ "ವಿನಯದಿಂದ ಬರಿ" ಎನ್ನುತ್ತೇವೆ. ದೋಷ ಇರುವುದು ನಾವು ಬೇಡುವ ಉತ್ತರದಲ್ಲಿ. ಎಷ್ಟೇ ವಿನಯದಿಂದ ಕೇಳಿದರೂ, ಉತ್ತರ ಕೊಟ್ಟವನಿಗೆ ಆ ಉತ್ತರದಿಂದ ತೊಂದರೆಯಾಗುವುದಾದರೆ ಅದು ಒತ್ತಡವೇ.

ಇದು ನನಗೆ ಅರ್ಥವಾದದ್ದು ಹಾಸ್ಟೆಲಿನ ಒಂದೇ ಓಣಿಯ ಮೂರು ಜನ ಒಂದೇ ವರ್ಷ ಮೂರು ಬಗೆಯಾಗಿ ಎಡವಿದ ಮೇಲೆ. ಒಬ್ಬಳು ಆಳಂದದವಳು, ಒಬ್ಬ ಅಫಜಲಪುರದವನು, ಜೇವರ್ಗಿಯವನು ನಾನು.

ಆಳಂದದ ಗೆಳತಿ ಬೆಂಗಳೂರಿನ ಒಂದು ಅನುವಾದ ಸಂಸ್ಥೆಗೆ ಅರ್ಜಿ ಹಾಕಿದ್ದಳು. ಪರೀಕ್ಷೆಗೆಂದು ಮೂರು ಪುಟ ಅನುವಾದ ಮಾಡಿಸಿಕೊಂಡು, ಒಮ್ಮೆ ಸಂದರ್ಶನ ಮಾಡಿ, ಆಮೇಲೆ "ಈ ಸಲ ಆಗಲಿಲ್ಲ" ಎಂದು ಒಂದು ಸಾಲಿನ ಮೇಲ್ ಕಳಿಸಿದರು. ಅವಳು ಜಾಣೆ. ತನ್ನ ಅನುವಾದದಲ್ಲಿ ಏನು ಕೊರತೆ ಇತ್ತು ಎಂದು ಮಾತ್ರ ಕೇಳಿದಳು. "ಪರಿಶೀಲಿಸಿದವರನ್ನು ಕೇಳಿ ಮುಂದಿನ ವಾರ ತಿಳಿಸುತ್ತೇವೆ" ಎಂದು ಉತ್ತರವೂ ಬಂತು. ಅಷ್ಟರಲ್ಲಿ ಊರಲ್ಲಿ ಅವಳ ಕಾಕಾಗೆ ಸುದ್ದಿ ಹೋಯಿತು. ಕಾಕಾ ತನಗೆ ಗೊತ್ತಿದ್ದ ಒಬ್ಬ ಪುಢಾರಿಗೆ ಹೇಳಿದರು, ಪುಢಾರಿ ಇನ್ಯಾರಿಗೋ ಹೇಳಿದರು, ಸಂಸ್ಥೆಗೆ "ಸಾಹೇಬ್ರ ಕಡಿಂದ" ಒಂದು ಫೋನ್ ಹೋಯಿತು. ಕೇಳಿದ್ದು ಬಹಳ ಸಭ್ಯವಾಗಿಯೇ: "ನಮ್ಮ ಹುಡುಗಿ, ಯಾಕ ಆಗಲಿಲ್ಲ ಅಂತ ಸ್ವಲ್ಪ ನೋಡ್ರಿ." ಮುಂದಿನ ವಾರ ಬರಬೇಕಿದ್ದ ಉತ್ತರ ಬರಲಿಲ್ಲ. ಬದಲಿಗೆ "ನಮ್ಮ ಆಯ್ಕೆ ಪ್ರಕ್ರಿಯೆ ಮುಗಿದಿದೆ" ಎಂಬ ಮೇಲ್ ಬಂತು. ಅವಳ ಮೂರು ಪುಟದ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಅಲ್ಲೆಲ್ಲೋ ಒಂದು ಫೈಲಿನಲ್ಲಿ ಉಳಿಯಿತು.

ನಮ್ಮ ಕಡೆ ಶಿಫಾರಸನ್ನು ಕೆಲಸ ಕೊಡಿಸುವ ಸಾಧನ ಎಂದಷ್ಟೇ ತಿಳಿದಿದ್ದೇವೆ. ಕಾರಣ ಕೇಳುವುದಕ್ಕೂ ಅದನ್ನೇ ಬಳಸಿದಾಗ ಏನಾಗುತ್ತದೆ ನೋಡಿ. ಆ ಕಡೆ ಕುಳಿತ ನೇಮಕಾತಿಯವನಿಗೆ ಈಗ ಎರಡು ಭಯ. ಕಾರಣ ಹೇಳಿದರೆ ಅದು ಸಾಹೇಬರ ಮುಂದೆ ಸಮರ್ಥನೆಯಾಗಬೇಕು. ಹೇಳದಿದ್ದರೆ ಇನ್ನೊಂದು ಫೋನ್ ಬರುತ್ತದೆ. ಹೀಗಾದಾಗ ಯಾವ ಮನುಷ್ಯನೂ ನಿಜ ಹೇಳುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾನೆ.

ಅಫಜಲಪುರದ ಗೆಳೆಯ ನಮಗಿಂತ ಹಿರಿಯ, ಪಿಎಚ್.ಡಿ. ಮುಗಿಸಿದವನು. ಒಂದು ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಹೋಗಿ ಬಂದ. ಆಗಲಿಲ್ಲ. ಅವನ ಸಿಟ್ಟಿಗೆ ಒಂದು ಲೆಕ್ಕವಿತ್ತು. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕರಿಗೆಂದು ನೂರು ಅಂಕದ ಒಂದು ಕೋಷ್ಟಕ ಇದೆ. ಅವನಿಗೆ ಪದವಿಗೆ 13, ಸ್ನಾತಕೋತ್ತರಕ್ಕೆ 23, ಪಿಎಚ್.ಡಿ.ಗೆ 30, ನೆಟ್‌ಗೆ 5. ಮೂರು ಲೇಖನಗಳಿಗೆ ತಲಾ ಎರಡರಂತೆ 6, ಎರಡು ವರ್ಷದ ಪಾಠಕ್ಕೆ 4. ಕೂಡಿದರೆ 81. ಆಯ್ಕೆಯಾದವರದು 74 ಎಂದು ಅವನಿಗೆ ಎಲ್ಲಿಂದಲೋ ಗೊತ್ತಾಗಿತ್ತು. "81 ದೊಡ್ಡದೋ 74 ದೊಡ್ಡದೋ? ಹದಿನೈದು ದಿನದೊಳಗೆ ಲಿಖಿತ ಕಾರಣ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕ್ರಮ ಜರುಗಿಸಲಾಗುವುದು" ಎಂದು ಪತ್ರ ಬರೆದ. ಉತ್ತರ ಒಂದೇ ಸಾಲು: ಆಯ್ಕೆ ಸಮಿತಿಯ ನಿರ್ಧಾರವೇ ಅಂತಿಮ.

ಗೆಳೆಯನ ಲೆಕ್ಕ ಸರಿ ಇತ್ತು, ಆದರೆ ಆ ಲೆಕ್ಕ ಎಲ್ಲಿ ಸಲ್ಲುತ್ತದೆ ಎಂಬುದು ತಪ್ಪಾಗಿತ್ತು. ಅದೇ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ: ಈ ಅಂಕ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಆರಿಸಲು ಮಾತ್ರ; ಅಂತಿಮ ಆಯ್ಕೆ ಸಂದರ್ಶನದ ಮೇಲೆಯೇ. ಅಂದರೆ 81 ಅವನನ್ನು ಬಾಗಿಲ ತನಕ ತಂದಿತು. ಒಳಗೆ ಹೋದ ಮೇಲೆ 81ಕ್ಕೂ 74ಕ್ಕೂ ಭೇದವಿಲ್ಲ. ಈ ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಜಗಳ. ಸಂದರ್ಶನಕ್ಕೇ ಎಲ್ಲ ತೂಕ ಕೊಟ್ಟರೆ ಪಕ್ಷಪಾತಕ್ಕೆ ದಾರಿಯಾಗುತ್ತದೆ ಎಂದು ನಾನೂ ನಂಬುತ್ತೇನೆ. ಆದರೆ ಆ ಜಗಳವನ್ನು ಅಭ್ಯರ್ಥಿಯೊಬ್ಬ ತನ್ನ ಕೊರತೆ ಏನು ಎಂದು ಕೇಳುವ ಪತ್ರದೊಳಗೆ ತುರುಕಿದರೆ ಎರಡೂ ಕೆಡುತ್ತವೆ.

ಮಾಹಿತಿ ಹಕ್ಕಿನ ಬಗ್ಗೆಯೂ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 2005ರ ಆ ಕಾಯ್ದೆ ಕೈಗೆ ಬಂದರೆ ಯಾವ ಪ್ರಶ್ನೆಗೂ ಉತ್ತರ ಹಿಂಡಬಹುದು ಎಂದುಕೊಂಡಿದ್ದೇವೆ. ಆ ಕಾಯ್ದೆ ಕೊಡಿಸುವುದು ದಾಖಲೆಯನ್ನು. 2011ರಲ್ಲಿ ಸುಪ್ರೀಂ ಕೋರ್ಟು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ವಿದ್ಯಾರ್ಥಿಯೊಬ್ಬ ತನ್ನ ಮೌಲ್ಯಮಾಪನವಾದ ಉತ್ತರ ಪತ್ರಿಕೆ ನೋಡಬಹುದು ಎಂದಿತು. ಅದು ನಮಗೆಲ್ಲ ಗೊತ್ತು. ಅದೇ ತೀರ್ಪು, ಕಚೇರಿಯ ಬಳಿ ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ, ಅರ್ಜಿದಾರನಿಗೆ ಸಲಹೆಯನ್ನೋ ಅಭಿಪ್ರಾಯವನ್ನೋ ಕೊಡಬೇಕಾದ ಬಾಧ್ಯತೆ ಇಲ್ಲ ಎಂದೂ ಹೇಳಿದೆ. ಅದನ್ನು ನಾವು ಓದುವುದಿಲ್ಲ. ಮರುವರ್ಷ, 2012ರಲ್ಲಿ, ಬಿಹಾರದ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಸಂದರ್ಶನ ಮಂಡಳಿಯ ಸದಸ್ಯರ ಹೆಸರು ವಿಳಾಸಗಳನ್ನು ಕೊಡಬೇಕಿಲ್ಲ ಎಂದಿತು ಅದೇ ಕೋರ್ಟು, ಕೊಟ್ಟರೆ ಅವರಿಗೆ ಅಪಾಯವಾಗಬಹುದು ಎಂಬ ಕಾರಣಕ್ಕೆ.

ಇದರ ಅರ್ಥ ಸರಳ. ನಿಮ್ಮ ಅಂಕಪಟ್ಟಿ ಬೇಕೇ? ಅರ್ಹತಾ ಪಟ್ಟಿಯಲ್ಲಿ ನಿಮಗೆ ಹಾಕಿದ ಅಂಕ ತಪ್ಪಾಗಿದೆಯೇ? ಮಾಹಿತಿ ಹಕ್ಕಿನ ಅರ್ಜಿ ಹಾಕಿ. ರಾಜ್ಯದ ಕಚೇರಿಯಾದರೆ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ, ಮೂವತ್ತು ದಿನದ ಗಡುವು. ಅಲ್ಲಿ ಬೇಡುವ ಅಗತ್ಯವಿಲ್ಲ, ಬೆದರಿಸುವ ಅಗತ್ಯವೂ ಇಲ್ಲ. ಆದರೆ "ನಾನು ಎಲ್ಲಿ ಸುಧಾರಿಸಿಕೊಳ್ಳಲಿ?" ಎಂಬುದು ದಾಖಲೆಯಲ್ಲಿ ಇಲ್ಲ. ಅದು ಒಬ್ಬ ಮನುಷ್ಯನ ತಲೆಯಲ್ಲಿದೆ. ಅದನ್ನು ಕೊಡುವುದು ಬಿಡುವುದು ಆತನ ಇಷ್ಟ. ಹಕ್ಕಿನಿಂದ ಪಡೆಯುವಲ್ಲಿ ಅಂಗಲಾಚುವುದು ಎಷ್ಟು ತಪ್ಪೋ, ಇಷ್ಟದಿಂದ ಸಿಗುವಲ್ಲಿ ಹಕ್ಕಿನ ಬೆದರಿಕೆ ಹಾಕುವುದೂ ಅಷ್ಟೇ ತಪ್ಪು. ಗೆಳೆಯ ಒಂದೇ ಪತ್ರದಲ್ಲಿ ಎರಡನ್ನೂ ಕೇಳಿ ಎರಡನ್ನೂ ಕಳೆದುಕೊಂಡ.

ಇನ್ನು ನನ್ನ ಸರದಿ. ಕಲಬುರಗಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಒಂದು ವರ್ಷದ ಉಪನ್ಯಾಸಕ ಹುದ್ದೆಗೆ ಹೋಗಿದ್ದೆ. ಆಗದಾಗ ನಾನು ಬರೆದ ಪತ್ರದಲ್ಲಿ ಬೆದರಿಕೆ ಇರಲಿಲ್ಲ, ಶಿಫಾರಸೂ ಇರಲಿಲ್ಲ. "ಪೂಜ್ಯ ಗುರುಗಳ ಪಾದಗಳಿಗೆ" ಎಂದು ಶುರುವಾಗಿ, ಅಪ್ಪನ ಸಾಲ, ಎರಡು ವರ್ಷದ ಬರ, ತಂಗಿಯ ಮದುವೆ ಎಲ್ಲ ಬಂದು, "ಯಾವ ಕಾರಣಕ್ಕೆ ನನ್ನನ್ನು ಕೈಬಿಟ್ಟಿರಿ ಎಂದು ದಯವಿಟ್ಟು ತಿಳಿಸಬೇಕು, ತಮ್ಮ ಉತ್ತರದ ದಾರಿ ಕಾಯುತ್ತಿರುತ್ತೇನೆ" ಎಂದು ಮುಗಿದಿತ್ತು. ಉತ್ತರ ಬರದಿದ್ದಾಗ ಮತ್ತೊಂದು ಬರೆದೆ. ಆಮೇಲೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಮಾಡಿದೆ. ನೀಲಿ ಗೆರೆ ಬಿತ್ತು, ಅಷ್ಟೇ.

ಆಗ ನನಗೆ ಅವರು ಕಲ್ಲುಹೃದಯದವರು ಎನಿಸಿತ್ತು. ಈಗ ಆ ಪತ್ರ ಓದಿದರೆ ನನಗೇ ಉಸಿರು ಕಟ್ಟುತ್ತದೆ. ಪ್ರಾಚಾರ್ಯರು ಏನು ಉತ್ತರ ಬರೆಯಬೇಕಿತ್ತು? "ನಿನ್ನ ಪಾಠ ಚೆನ್ನಾಗಿರಲಿಲ್ಲ" ಎಂದು ಬರೆದರೆ ಸಾಲದ ಅಪ್ಪನ ಮಗನಿಗೆ ಹೊಡೆದಂತೆ. "ಚೆನ್ನಾಗಿತ್ತು" ಎಂದು ಬರೆದರೆ "ಮತ್ತೇಕೆ ಕೈಬಿಟ್ಟಿರಿ" ಎಂಬ ಮುಂದಿನ ಪತ್ರ. ಪಾದಕ್ಕೆ ಬಿದ್ದವನು ಕಾಲು ಹಿಡಿದುಕೊಂಡೇ ಬೀಳುತ್ತಾನೆ, ಬಿಡಿಸಿಕೊಳ್ಳುವುದು ಕಷ್ಟ. ಆಳಂದದ ಫೋನು ಅಧಿಕಾರದಿಂದ ಒತ್ತಿತು, ಅಫಜಲಪುರದ ಪತ್ರ ಕಾನೂನಿನಿಂದ ಒತ್ತಿತು, ನನ್ನದು ಕರುಣೆಯಿಂದ ಒತ್ತಿತು. ಮೂರೂ ಕೇಳಿದ್ದು ಒಂದನ್ನೇ: ನಿಮ್ಮ ತೀರ್ಮಾನವನ್ನು ನನ್ನ ಮುಂದೆ ಸಮರ್ಥಿಸಿಕೊಳ್ಳಿ.

ಸಮರ್ಥನೆ ಏಕೆ ಸಿಗುವುದಿಲ್ಲ ಎಂಬುದನ್ನು ಆ ಕಡೆಯ ಕುರ್ಚಿಯಿಂದ ನೋಡಬೇಕು. ಸಂದರ್ಶನದ ತೀರ್ಮಾನ ಒಬ್ಬರದಲ್ಲ. ಹೊರಗಿನಿಂದ ಬಂದ ವಿಷಯತಜ್ಞರು ಸಂಜೆಯ ಬಸ್ಸಿಗೆ ಹೊರಟುಬಿಟ್ಟಿರುತ್ತಾರೆ. ಉಳಿದವರೊಬ್ಬರು ಎಲ್ಲರ ಪರವಾಗಿ ಕಾರಣ ಬರೆದರೆ ಅದು ಅವರ ಮಾತಾಗುತ್ತದೆ, ಸಮಿತಿಯದಲ್ಲ. ಎಷ್ಟೋ ಸಲ ಕಾರಣವೇ ಅಭ್ಯರ್ಥಿಯಲ್ಲಿ ಇರುವುದಿಲ್ಲ. ಆ ವರ್ಷ ಹಳಗನ್ನಡ ಕಲಿಸುವವರು ಬೇಕಾಗಿರುತ್ತದೆ, ನೀವು ಜಾನಪದದವರು. ಹುದ್ದೆ ರೋಸ್ಟರಿನಲ್ಲಿ ಬೇರೆ ಬಿಂದುವಿಗೆ ಬಿದ್ದಿರುತ್ತದೆ. ಇದೆಲ್ಲಕ್ಕಿಂತ ಮುಖ್ಯವಾಗಿ, 2008ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಪೀಠ ಇದೆ. ನ್ಯಾಯ ಹತ್ತಿರ ಬಂದದ್ದು ನಮ್ಮ ಭಾಗಕ್ಕೆ ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ನೇಮಕಾತಿ ಮಾಡುವ ಪ್ರತಿಯೊಬ್ಬರಿಗೂ ಒಂದು ವಿಷಯ ಗೊತ್ತು: "ನಿಮಗಿಂತ ಅವರು ಉತ್ತಮವಾಗಿದ್ದರು" ಎಂದು ಬರೆದ ಸಾಲು ನಾಳೆ ರಿಟ್ ಅರ್ಜಿಯ ಜೊತೆ ಅನುಬಂಧವಾಗಿ ಸೇರಬಹುದು. ಹಾಗಾಗಿ ಹೋಲಿಕೆಯ ಪ್ರಶ್ನೆಗೆ ಎಂದೂ ಉತ್ತರ ಬರುವುದಿಲ್ಲ. ಅದನ್ನು ಕೇಳಿದ ಕ್ಷಣವೇ ಉಳಿದ ಪ್ರಶ್ನೆಗಳ ಉತ್ತರವೂ ನಿಲ್ಲುತ್ತದೆ.

ಹಾಗಾದರೆ ಕೇಳಬೇಕಾದದ್ದು ಯಾವುದನ್ನು? ಆ ಕೋಣೆಯಲ್ಲಿ ನೀವು ಮಾಡಿದ ಒಂದು ಕೆಲಸವನ್ನು, ಅವರು ಕಣ್ಣಾರೆ ಕಂಡದ್ದನ್ನು. ಪ್ರಾತ್ಯಕ್ಷಿಕೆ ಪಾಠ, ಸಂಶೋಧನಾ ಪ್ರಸ್ತಾವ, ಅನುವಾದದ ಪುಟ, ಇವುಗಳ ಬಗ್ಗೆ ಮಾತಾಡಲು ಯಾರನ್ನೂ ಯಾರೊಂದಿಗೂ ಹೋಲಿಸಬೇಕಿಲ್ಲ, ತೀರ್ಮಾನವನ್ನು ಸಮರ್ಥಿಸಬೇಕಿಲ್ಲ. ಆ ಉತ್ತರವನ್ನು ಯಾವ ಕೋರ್ಟಿಗೆ ಒಯ್ದರೂ ಅದರಿಂದ ಬರೆದವರಿಗೆ ಏನೂ ಆಗುವುದಿಲ್ಲ. ಅಪ್ಪ ಕೇಳಿದ್ದು ಇಂಥದ್ದನ್ನೇ. "ನನ್ನ ತೊಗರಿ ಯಾಕ ತಗೊಳ್ಳಲಿಲ್ಲ" ಎಂದಲ್ಲ, ತೇವ ಎಷ್ಟು ಬಂತು ಎಂದು.

ಮರುವರ್ಷ ಇನ್ನೊಂದು ಕಾಲೇಜಿನಲ್ಲಿ ಅಂಥದ್ದೇ ಹುದ್ದೆಗೆ ಸಂದರ್ಶನ. ಹತ್ತು ನಿಮಿಷದ ಪಾಠ ಮಾಡಬೇಕಿತ್ತು. ವಿಷಯ 'ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಕಲ್ಪನೆ'. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ಗ್ರಂಥ ಬೇರೆ, ಎದೆಯುಬ್ಬಿಸಿ ಪಾಠ ಮಾಡಿದೆ. ಆಗಲಿಲ್ಲ. ಈ ಸಲ ಫಲಿತಾಂಶ ತಿಳಿದ ದಿನವೇ ಏನೂ ಬರೆಯಲಿಲ್ಲ. ಆ ದಿನದ ಮನಸ್ಸಿನಲ್ಲಿ ಬರೆದದ್ದು ಪತ್ರವಾಗುವುದಿಲ್ಲ, ದೂರಾಗುತ್ತದೆ. ತಿಂಗಳು ಬಿಟ್ಟೂ ಬರೆಯಬಾರದು, ಅಷ್ಟರಲ್ಲಿ ಸಂದರ್ಶಕರ ನೆನಪಿನಲ್ಲಿ ನೀವು ಇರುವುದಿಲ್ಲ. ಐದನೆಯ ದಿನ, ನನಗೆ ಫಲಿತಾಂಶ ತಿಳಿಸಿದ ವಿಭಾಗದ ಮುಖ್ಯಸ್ಥರೊಬ್ಬರಿಗೇ, ಕಾಲೇಜಿನ ಮೇಲ್ ವಿಳಾಸಕ್ಕೆ ಹೀಗೆ ಬರೆದೆ:

"ಮಾನ್ಯರೇ, ಫಲಿತಾಂಶ ತಿಳಿಸಿದ್ದಕ್ಕೆ ವಂದನೆಗಳು. ಸಮಿತಿಯ ತೀರ್ಮಾನದ ಬಗ್ಗೆ ನನ್ನದೇನೂ ಪ್ರಶ್ನೆ ಇಲ್ಲ. ನನ್ನ ಕವಿರಾಜಮಾರ್ಗದ ಪಾಠದ ಬಗ್ಗೆ ಮಾತ್ರ ಒಂದು ವಿಚಾರ ಕೇಳಬೇಕೆನಿಸಿತು. ಹತ್ತು ನಿಮಿಷವನ್ನು ನಾನು ಹಂಚಿಕೊಂಡ ರೀತಿ ಬಿ.ಎ. ತರಗತಿಗೆ ಹೊಂದುವಂತಿತ್ತೇ, ಯಾವ ಭಾಗವನ್ನು ಕಡಿಮೆ ಮಾಡಬೇಕಿತ್ತು ಎಂದು ಒಂದೆರಡು ಸಾಲು ತಿಳಿಸಿದರೆ ಮುಂದಿನ ತಯಾರಿಗೆ ಅನುಕೂಲ. ಬಿಡುವಿಲ್ಲದಿದ್ದರೆ ಅಥವಾ ಹೇಳುವುದು ಕ್ರಮವಲ್ಲ ಎನಿಸಿದರೆ ಉತ್ತರಿಸದಿದ್ದರೂ ಖಂಡಿತ ಪರವಾಗಿಲ್ಲ. ಈ ಬಗ್ಗೆ ನಾನು ಮತ್ತೆ ಬರೆಯುವುದಿಲ್ಲ."

ಇದರಲ್ಲಿ ಸಾಹಿತ್ಯವೇನಿಲ್ಲ. ಆದರೆ ಪ್ರತಿ ಸಾಲಿಗೂ ಒಂದು ಕೆಲಸವಿದೆ. ತೀರ್ಮಾನದ ಬಗ್ಗೆ ಪ್ರಶ್ನೆ ಇಲ್ಲ ಎಂಬ ಸಾಲು ರಿಟ್ಟಿನ ಭಯ ತೆಗೆಯುತ್ತದೆ. ಅದನ್ನು ಬರೆಯುವ ಮುನ್ನ ಅದು ನಿಜವೇ ಎಂದು ನೋಡಿಕೊಳ್ಳಿ. ನಿಜವಲ್ಲದಿದ್ದರೆ ನಿಮಗೆ ಬೇಕಾದದ್ದು ಈ ಪತ್ರವಲ್ಲ, ಬೇರೆ ದಾರಿ. ಪ್ರಶ್ನೆ ಒಂದೇ, ಅದೂ ಅವರ ಮುಂದೆ ನಡೆದದ್ದರ ಬಗ್ಗೆ. "ನನ್ನ ಒಟ್ಟಾರೆ ಸಾಮರ್ಥ್ಯದ ಬಗ್ಗೆ ಅಭಿಪ್ರಾಯ ತಿಳಿಸಿ" ಎಂದಿದ್ದರೆ ಅವರು ಒಂದು ಪ್ರಮಾಣಪತ್ರ ಬರೆಯಬೇಕಾಗುತ್ತಿತ್ತು. ಒಂದೆರಡು ಸಾಲು ಎಂದಾಗ ಕೆಲಸದ ಅಳತೆ ಗೊತ್ತಾಗುತ್ತದೆ. ಕೊನೆಯ ಎರಡು ವಾಕ್ಯ ಎಲ್ಲಕ್ಕಿಂತ ಮುಖ್ಯ. ಉತ್ತರಿಸದೆ ಇರುವುದನ್ನೂ ಒಂದು ಮರ್ಯಾದೆಯ ಆಯ್ಕೆಯಾಗಿ ಅವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ವಾಪಸ್ ಕಸಿಯಬಾರದು. ಮತ್ತೆ ಬರೆಯುವುದಿಲ್ಲ ಎಂದವನು ಹತ್ತು ದಿನ ಬಿಟ್ಟು "ಸರ್, ನನ್ನ ಮೇಲ್ ನೋಡಿದಿರಾ" ಎಂದರೆ ಮೊದಲ ಪತ್ರವೇ ಸುಳ್ಳಾಗುತ್ತದೆ.

ಎಂಟು ದಿನಕ್ಕೆ ಉತ್ತರ ಬಂತು, ಮೂರು ಸಾಲು. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಗ್ರಂಥ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಗೇ ಹೋಯಿತು. ನಾಡಿನ ಎಲ್ಲೆ ಹೇಳುವ ಪದ್ಯ ಕೊನೆಯ ಎರಡು ನಿಮಿಷಕ್ಕೆ ಬಂತು, ಅದನ್ನೂ ಓದದೆ ಸಾರಾಂಶ ಹೇಳಿದಿರಿ. ಹಿಂದಿನ ಬೆಂಚಿನ ಹುಡುಗನಿಗೆ ಪದ್ಯವೇ ಮೊದಲು ಕೇಳಿಸಬೇಕು.

ನನಗೆ ಮೈ ಉರಿಯಿತು. ಕರ್ತೃತ್ವದ ಚರ್ಚೆ ಇಲ್ಲದೆ ಕವಿರಾಜಮಾರ್ಗ ಪಾಠ ಮಾಡುವುದು ಹೇಗೆ? ನನ್ನ ಪ್ರಬಂಧದ ಒಂದು ಅಧ್ಯಾಯವೇ ಅದರ ಮೇಲಿದೆ! ಒಂದೂವರೆ ಪುಟದ ಪ್ರತ್ಯುತ್ತರ ಬರೆದೆ, ವಿದ್ವಾಂಸರ ಹೆಸರುಗಳ ಸಮೇತ. ಕಳಿಸುವ ಮೊದಲು ಅಫಜಲಪುರದ ಗೆಳೆಯನಿಗೆ ಓದಿ ಹೇಳಿದೆ. ಅವನು ಕೇಳಿದ್ದು ಇಷ್ಟೇ: "ತಮ್ಮಾ, ತೇವ ಹದಿನಾಲ್ಕು ಬಂದದ ಅಂದ್ರ ಯಂತ್ರಕ್ಕ ಭಾಷಣ ಮಾಡ್ತಿಯೇನು?" ಅಳಿಸಿದೆ. "ಬಹಳ ಉಪಕಾರವಾಯಿತು, ವಂದನೆಗಳು" ಎಂದು ಒಂದು ಸಾಲು ಕಳಿಸಿದೆ.

ಹೆಚ್ಚಿನವರು ಎಡವುವುದು ಇಲ್ಲೇ. ಕೇಳುವಾಗ ಒತ್ತಡ ಹಾಕದವರೂ ಉತ್ತರ ಬಂದ ಮೇಲೆ ವಾದಕ್ಕಿಳಿಯುತ್ತಾರೆ. ಆಗ ಕೇಳಿದ್ದು ನೆಪವಾಗಿತ್ತು, ಮನಸ್ಸಿನಲ್ಲಿ ಇದ್ದದ್ದು ಮರುವಿಚಾರಣೆ ಎಂದು ಆ ಕಡೆಯವರಿಗೆ ಖಾತ್ರಿಯಾಗುತ್ತದೆ. ಇದರ ನಷ್ಟ ನಿಮಗಷ್ಟೇ ಅಲ್ಲ. ಆ ಮುಖ್ಯಸ್ಥರು ಮುಂದೆ ಇನ್ಯಾವ ಅಭ್ಯರ್ಥಿಗೂ ಮೂರು ಸಾಲು ಬರೆಯುವುದಿಲ್ಲ. ನಮ್ಮ ನಂತರ ಬರುವ ಹುಡುಗ ಹುಡುಗಿಯರಿಗೆ ಆ ಬಾಗಿಲು ಮುಚ್ಚಿದವರು ನಾವೇ ಆಗುತ್ತೇವೆ.

ಬಂದ ಉತ್ತರವೆಲ್ಲ ಉತ್ತರವಲ್ಲ ಎಂಬುದನ್ನೂ ಹೇಳಬೇಕು. "ಇನ್ನೂ ಸ್ವಲ್ಪ ತಯಾರಿ ಬೇಕು", "ಸ್ಪರ್ಧೆ ಬಹಳ ಇತ್ತು", "ಮುಂದೆ ಒಳ್ಳೆಯದಾಗಲಿ" ಎಂಬುವು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳುವ ಮಾತುಗಳು. ನಿಜವಾದ ಪ್ರತಿಕ್ರಿಯೆಯಲ್ಲಿ ಆ ಕೋಣೆಯಲ್ಲಿ ನಡೆದ ಏನಾದರೂ ಒಂದು ಇದ್ದೇ ಇರುತ್ತದೆ; ನನಗೆ ಬಂದದ್ದರಲ್ಲಿ ಎಂಟು ನಿಮಿಷ ಎಂಬ ಲೆಕ್ಕ ಇತ್ತು, ಹಿಂದಿನ ಬೆಂಚು ಇತ್ತು. ಮೊದಲ ಬಗೆಯದು ಬಂದರೆ ವಂದನೆ ಹೇಳಿ ಸುಮ್ಮನಾಗಬೇಕು, ಕೆದಕಬಾರದು. ಅದರಿಂದ ನಿಮ್ಮ ಬಗ್ಗೆ ಏನನ್ನೂ ತೀರ್ಮಾನಿಸಲೂ ಬಾರದು. ನಿಜವಾದದ್ದು ಬಂದರೂ ಅದು ಒಬ್ಬರ ಮಾತು. ನಾನು ಆ ಪಾಠವನ್ನು ಎಂ.ಎ. ಕಿರಿಯರ ಮುಂದೆ ಮತ್ತೆ ಮಾಡಿದೆ, ಗಡಿಯಾರ ಇಟ್ಟುಕೊಂಡು. ಪದ್ಯ ಮೊದಲು ಓದಿದೆ, ಕಾವೇರಿ ಗೋದಾವರಿಗಳನ್ನು ಹಲಗೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದೆ, ಕರ್ತೃವಿನ ಮಾತು ಕೊನೆಯ ಒಂದೂವರೆ ನಿಮಿಷಕ್ಕೆ ಬಂತು. ಆಗ ಒಬ್ಬ ಹುಡುಗ ಕೇಳಿದ, "ಸರ್, ಹಂಗಾರ ನಮ್ಮ ಭೀಮಾ ನದಿ ನಡುವ ಬರ್ತದಲ್ರಿ?" ಎಂಟು ನಿಮಿಷ ಶ್ರೀವಿಜಯನ ಬಗ್ಗೆ ಹೇಳಿದ ದಿನ ಯಾರೂ ಏನೂ ಕೇಳಿರಲಿಲ್ಲ. ಆ ಮೂರು ಸಾಲು ಸರಿ ಎಂದು ನನಗೆ ಗೊತ್ತಾದದ್ದು ಅವತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಹಗುರವಾದದ್ದಲ್ಲ. "ನೀನು ಕಲಬುರಗಿ ಜಿಲ್ಲೆಯಲ್ಲಿ ಕೂತು ಇದನ್ನ ಬರಿಲತ್ತಿ? ಇಲ್ಲಿ ಆಯ್ಕೆ ಮೊದಲೇ ಆಗಿರ್ತದ. ಮಾರಿದ ಹುದ್ದೆಗೆ ಪ್ರತಿಕ್ರಿಯೆ ಕೇಳೋದು ಹುಚ್ಚುತನ." ಈ ಸಿಟ್ಟಿಗೆ ಆಧಾರವಿದೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದು, ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದ ಒಎಂಆರ್ ಹಾಳೆಗಳಿಂದ ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ಇಡೀ ನೇಮಕಾತಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಓದಿ ಪಾಸಾದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಅಂಥ ಕಡೆ "ಮಾನ್ಯರೇ, ನನ್ನ ತಯಾರಿಯಲ್ಲಿ ಏನು ಕೊರತೆ" ಎಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಅಕ್ರಮದ ಸುಳಿವಿದ್ದರೆ ದೂರು ಕೊಡಿ, ದಾಖಲೆ ಕೇಳಿ, ಕೋರ್ಟಿಗೆ ಹೋಗಿ. ಅಲ್ಲಿ ಒತ್ತಡ ಹಾಕುವುದೇ ಧರ್ಮ. ನಾನು ಹೇಳುವುದು, ಯಾವುದು ಬೇಕು ಎಂದು ಮೊದಲು ನಿರ್ಧರಿಸಿ. ಆಪಾದನೆಯನ್ನು ಕಲಿಕೆಯ ಪ್ರಶ್ನೆಯ ವೇಷದಲ್ಲಿ ಕಳಿಸಿದರೆ ಆಪಾದನೆಗೆ ಬಲ ಇರುವುದಿಲ್ಲ, ಪ್ರಶ್ನೆಗೆ ನಂಬಿಕೆ ಇರುವುದಿಲ್ಲ. ಎಲ್ಲ ನಿರಾಕರಣೆಯೂ ಅಕ್ರಮವೇ ಎಂದು ನಂಬಿಬಿಟ್ಟರೆ ನಾವು ಎಂದೂ ಎಂಟು ನಿಮಿಷದ ಲೆಕ್ಕ ಕೇಳಿಸಿಕೊಳ್ಳುವುದಿಲ್ಲ. ಅದು ಒಂದು ರೀತಿಯ ಸುಖ, ಆ ಸುಖದಲ್ಲಿ ನಾನೂ ಒಂದು ವರ್ಷ ಇದ್ದೆ.

ಆದರೆ ಅಭ್ಯರ್ಥಿಗೆ ಮಾತ್ರ ನೀತಿ ಹೇಳಿ ನೇಮಕಾತಿ ಮಾಡುವವರನ್ನು ಬಿಟ್ಟುಬಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ನಾವು ಒತ್ತಡ ಹಾಕುವುದನ್ನು ಕಲಿತದ್ದು ನಿಮ್ಮ ಮೌನದಿಂದ. ಅಫಜಲಪುರದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ಕೂತು, ಹತ್ತು ನಿಮಿಷ ಪಾಠ ಮಾಡಿ ಹೋದವನಿಗೆ ಆಯ್ಕೆಯಾಗಿಲ್ಲ ಎಂಬ ಸುದ್ದಿಯನ್ನೂ ತಿಳಿಸದ ಸಂಸ್ಥೆಗಳಿವೆ. ಸಂದರ್ಶನದ ದಿನವೇ ಪ್ರತಿ ಅಭ್ಯರ್ಥಿಯ ಹೆಸರಿನ ಮುಂದೆ ಎರಡು ಸಾಲು ಬರೆದಿಡಿ: ಇಂದು ಇವರು ಮಾಡಿದ್ದರಲ್ಲಿ ಚೆನ್ನಾಗಿದ್ದದ್ದು ಒಂದು, ತಿದ್ದಿಕೊಳ್ಳಬೇಕಾದದ್ದು ಒಂದು. ಹೋಲಿಕೆ ಬೇಡ, ಅಂಕ ಬೇಡ. ಒಬ್ಬರಿಗೆ ಮೂರು ನಿಮಿಷ ಎಂದರೂ ಇಪ್ಪತ್ತು ಜನಕ್ಕೆ ಒಂದು ತಾಸು. ಕೇಳಿದವರಿಗೆ ಅದನ್ನೇ ಕಳಿಸಬಹುದು. ಆಗ ಶಿಫಾರಸಿನ ಫೋನು ಏನನ್ನು ಕೇಳಬೇಕು? ಬೆದರಿಕೆಯ ಪತ್ರ ಯಾವುದಕ್ಕೆ ಬೆದರಿಸಬೇಕು?

ಇದನ್ನು ಅವರು ಮಾಡುವ ತನಕ ನಾವು ಕೇಳುತ್ತಲೇ ಇರಬೇಕು, ಒಬ್ಬರಿಗೆ, ಒಮ್ಮೆ, ಒಂದೇ ಪ್ರಶ್ನೆ. ಆಳಂದದ ಗೆಳತಿ ಈಗ ಕಾಕಾಗೆ ಸಂದರ್ಶನದ ಸುದ್ದಿಯನ್ನೇ ಹೇಳುವುದಿಲ್ಲ. ಅಫಜಲಪುರದ ಗೆಳೆಯ ತನ್ನ ಅಂಕಪಟ್ಟಿಗೆಂದು ಹತ್ತು ರೂಪಾಯಿಯ ಅರ್ಜಿಯನ್ನು ಬೆದರಿಕೆಯಿಲ್ಲದೆ ಹಾಕಿದ್ದಾನೆ. ನನ್ನ ಮುಂದಿನ ಸಂದರ್ಶನದ ಫಲಿತಾಂಶ ಇನ್ನೂ ಬಂದಿಲ್ಲ. ಬಾರದಿದ್ದರೆ ಕೇಳುವ ಪ್ರಶ್ನೆ ಈಗಲೇ ಬರೆದಿಟ್ಟುಕೊಂಡಿದ್ದೇನೆ, ಒಂದು ಸಾಲಿನದು.